ಎಸ್‌ಡಿಆರ್ ಬಯಲಾಟದ ವಿಡಿಯೋವನ್ನು ಎಚ್‌ಡಿಆರ್ ಮಾಡುವುದು ಹೇಗೆ, ಮಾಡಿದ್ರೆ ಎಂತ ಸಿಗ್ತದೆ, ಎಂತ ಸಿಗುವುದಿಲ್ಲ

ಪತ್ತನಾಜೆ ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆಯೇ ನಮ್ಮ ಮಂಗಳೂರು ಕಡೆಯ ವಿಡಿಯೋದವರಿಗೆ ಎಡಿಟಿಂಗಿನ ನಿಜವಾದ ಕೆಲಸ ಶುರುವಾಗುವುದು. ಇಡೀ ತಿರುಗಾಟದ ಫೂಟೇಜ್ ಹಾರ್ಡ್ ಡಿಸ್ಕಲ್ಲಿ ಬಿದ್ದಿರ್ತದೆ, ಹೊರಗೆ ಮಳೆ, ಒಳಗೆ ಕೂತು ಒಂದೊಂದೇ ಆಟ ತೆಗೆದು ಕಟ್ ಮಾಡುವುದು. ಈಗೀಗ ಹರಕೆ ಆಟ ಆಡಿಸಿದ ಮನೆಯವರು ಹೊಸದೊಂದು ಕೇಳ್ಲಿಕ್ಕೆ ಶುರು ಮಾಡಿದ್ದಾರೆ: "ನಮ್ಮ ಹೊಸ ಟಿವಿಯಲ್ಲಿ ಎಚ್‌ಡಿಆರ್ ಉಂಟು, ನಮ್ಮ ಆಟದ ವಿಡಿಯೋ ಎಚ್‌ಡಿಆರ್ ಮಾಡಿ ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ?"

ಎಸ್‌ಡಿಆರ್ ಅಂದ್ರೆ ಮಾಮೂಲು ಬೆಳಕಿನ ವ್ಯಾಪ್ತಿಯ ವಿಡಿಯೋ, ಎಚ್‌ಡಿಆರ್ ಅಂದ್ರೆ ಅದಕ್ಕಿಂತ ಪ್ರಖರ ಬೆಳಕನ್ನೂ ಹಿಡಿದಿಡುವ ವಿಡಿಯೋ. ಆಗ್ತದೆ. ಫೈಲನ್ನು ಸರಿಯಾಗಿ ಎಚ್‌ಡಿಆರ್‌ಗೆ ಬದಲಾಯಿಸ್ಲಿಕ್ಕೆ ಒಂದೇ ಒಂದು ಕಮಾಂಡ್ ಸಾಕು, ಅದನ್ನು ಕೆಳಗೆ ಕೊಡ್ತೇನೆ. ಆದ್ರೆ ಕ್ಯಾಮರಾ ಆ ರಾತ್ರಿ ಕಳೆದುಕೊಂಡದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರುವುದಿಲ್ಲ, ತಂದ ಹಾಗೆ ತೋರಿಸ್ತದೆ ಅಷ್ಟೆ, ಮತ್ತೆ ಹಾಗೆ ತೋರಿಸುವಾಗ ಇದ್ದ ಚಿತ್ರವನ್ನೂ ಸ್ವಲ್ಪ ಹಾಳು ಮಾಡ್ತದೆ. ಇನ್ವರ್ಸ್ ಟೋನ್ ಮ್ಯಾಪಿಂಗ್ ಅಂತ ಹೇಳುವುದು ಇದಕ್ಕೇ, ಅಂದ್ರೆ ಎಸ್‌ಡಿಆರ್ ಚಿತ್ರದ ಬೆಳಕಿನ ಭಾಗವನ್ನು ಅಂದಾಜಿನ ಮೇಲೆ ಮೇಲಕ್ಕೆ ಎಳೆದು ಎಚ್‌ಡಿಆರ್‌ನ ಎತ್ತರಕ್ಕೆ ಮುಟ್ಟಿಸುವುದು. ಎಲ್ಲಿವರೆಗೆ ಹೋಗಬಹುದು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಬೇಕಾದ್ರೆ ಒಂದು ಫ್ರೇಮ್ ಹಿಡಿದುಕೊಂಡು ಕಡೆವರೆಗೆ ನೋಡುವುದೇ ಒಳ್ಳೆಯದು.

ನಮ್ಮ ಫ್ರೇಮ್ ಇದು: ತೆಂಕುತಿಟ್ಟಿನ ಬಯಲಾಟ, ನಡುರಾತ್ರಿ ಕಳೆದಿದೆ, ಬಣ್ಣದ ವೇಷ ಸಭೆಯ ಹಿಂದಿನಿಂದ ದೊಂದಿ ಹಿಡಿದುಕೊಂಡು ಬರ್ತಾ ಉಂಟು, ರಾಳದ ಪುಡಿ ಎಸೆದಾಗ ಬೆಂಕಿ ಭಗ್ ಅಂತ ಮೇಲೆ ಎದ್ದಿದೆ. ಮುಖದಲ್ಲಿ ಅಕ್ಕಿಹಿಟ್ಟಿನ ಬಿಳಿ ಚುಟ್ಟಿ, ಸಾಲು ಸಾಲು ಮುಳ್ಳಿನ ಹಾಗೆ ಎದ್ದು ನಿಂತದ್ದು. ಹಿಂದೆ ರಂಗಸ್ಥಳದ ಕಂಬದಲ್ಲಿ ಎಲ್‌ಇಡಿ ಪಾರ್ ಲೈಟ್ ನೇರ ಕ್ಯಾಮರಾಕ್ಕೆ ಹೊಡೀತಾ ಉಂಟು. ಕ್ಯಾಮರಾ ಮಾಮೂಲಿನದ್ದು, 8 ಬಿಟ್, ಸಾದಾ ರೆಕ್ 709 ಪ್ರೊಫೈಲ್, ಅಂದ್ರೆ ಎಸ್‌ಡಿಆರ್‌ನ ಮಾಮೂಲು ಬಣ್ಣದ ಅಳತೆ. ನಮ್ಮ ಊರಲ್ಲಿ ಹೆಚ್ಚಿನ ಆಟದ ವಿಡಿಯೋ ಇರುವುದೇ ಹೀಗೆ.

ಮೊದಲು ಫೈಲಲ್ಲಿ ಎಂತ ಉಂಟು ನೋಡಿ

ಯಾವ ಬಟನ್ ಒತ್ತುವ ಮೊದಲೂ ಫೈಲ್ ತನ್ನ ಬಗ್ಗೆ ಎಂತ ಹೇಳ್ತದೆ ಅಂತ ಕೇಳಿ. ಎಫ್‌ಎಫ್‌ಎಂಪೆಗ್ ಹಾಕಿಕೊಂಡಿದ್ರೆ ಅದರ ಜೊತೆಗೇ `ffprobe` ಬಂದಿರ್ತದೆ:

```
ffprobe -v error -select_streams v:0 -show_entries stream=pix_fmt,color_range,color_space,color_transfer,color_primaries -of default=nw=1 ata.mp4
```

`yuv420p`, `tv`, ಉಳಿದ ಮೂರಕ್ಕೂ `bt709` ಅಂತ ಬಂದ್ರೆ ಮಾಮೂಲು ಎಸ್‌ಡಿಆರ್. ಕೆಲವು ಫೈಲಲ್ಲಿ `unknown` ಅಂತ ಬರ್ತದೆ, ಹೆದರಬೇಡಿ, ಇದು 709 ಅಂತ ಕನ್ವರ್ಟ್ ಮಾಡುವಾಗ ನಾವೇ ಹೇಳುವುದು. `pix_fmt` ಜಾಗದಲ್ಲಿ `yuv422p10le` ಹಾಗೆ 10 ಇರುವ ಹೆಸರು ಬಂದ್ರೆ ನಿಲ್ಲಿ, ಕ್ಯಾಮರಾದವರಿಗೆ ಫೋನ್ ಮಾಡಿ ಲಾಗ್‌ನಲ್ಲಿ ತೆಗ್ದದ್ದಾ ಅಂತ ಕೇಳಿ. ಲಾಗ್ ಫೂಟೇಜ್ ಆದ್ರೆ ಈ ಲೇಖನದ ಅರ್ಧ ಸಮಸ್ಯೆ ನಿಮಗಿಲ್ಲ, ಯಾಕಂದ್ರೆ ಅದರಲ್ಲಿ ಹೈಲೈಟ್ ನಿಜಕ್ಕೂ ಉಳಿದಿರ್ತದೆ, ಅದನ್ನು ಮೂಲದಿಂದಲೇ ಎಚ್‌ಡಿಆರ್‌ಗೆ ಗ್ರೇಡ್ ಮಾಡಬೇಕು. ಎಸ್‌ಡಿಆರ್‌ಗೆ ಗ್ರೇಡ್ ಆದ ಕಾಪಿಯನ್ನು ತಕ್ಕೊಂಡು ಉಬ್ಬಿಸ್ಲಿಕ್ಕೆ ಹೋಗಬಾರದು.

ಆಮೇಲೆ ಆ ಬೆಂಕಿಯ ಫ್ರೇಮನ್ನೇ ಅಳತೆ ಮಾಡಿ:

```
ffmpeg -ss 00:42:10 -i ata.mp4 -frames:v 1 -vf "signalstats,metadata=print" -f null -
ffplay ata.mp4 -vf "waveform=graticule=green:flags=numbers+dots:intensity=0.1"
```

ಮೊದಲನೆಯದು ಉದ್ದದ ಪಟ್ಟಿ ಕೊಡ್ತದೆ, ಅದರಲ್ಲಿ `YMAX` ಒಂದನ್ನು ನೋಡಿ. ಎರಡನೆಯದು ವೇವ್‌ಫಾರ್ಮ್ ತೋರಿಸ್ತದೆ. 8 ಬಿಟ್ ವಿಡಿಯೋದಲ್ಲಿ ಕಪ್ಪು ಅಂದ್ರೆ 16, ಪೂರ್ತಿ ಬಿಳಿ ಅಂದ್ರೆ 235. ಬೆಂಕಿ ಇರುವ ಜಾಗದಲ್ಲಿ ವೇವ್‌ಫಾರ್ಮ್ ಮೇಲೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಮುಗಿದ್ರೆ ಅಲ್ಲಿ ಇನ್ನೂ ಡೀಟೇಲ್ ಉಂಟು. ಮೇಲೆ ಹೋಗಿ ಒಂದು ದಪ್ಪ ಅಡ್ಡ ಗೆರೆ ಕಂಡ್ರೆ ಅದು ಕ್ಲಿಪ್ಪು, ಅಲ್ಲಿದ್ದ ಬೆಳಕೆಲ್ಲ ಒಂದೇ ನಂಬರಿಗೆ ಬಡಿದು ನಿಂತಿದೆ. ದೊಂದಿಯ ಜ್ವಾಲೆಯ ನಡುಭಾಗ ಮತ್ತೆ ಪಾರ್ ಲೈಟಿನ ಗಾಜು ನಮ್ಮ ಫ್ರೇಮಲ್ಲಿ ಇದೇ ಗೆರೆ.

ಇಲ್ಲಿ ಒಂದು ಒಳ್ಳೆ ಸುದ್ದಿ ಇರುವ ಸಾಧ್ಯತೆ ಉಂಟು. ಕೆಲವು ಕ್ಯಾಮರಾಗಳು 235ಕ್ಕೆ ನಿಲ್ಲದೆ 254, 255ರ ವರೆಗೂ ಬರೀತವೆ, ಸೂಪರ್‌ವೈಟ್ ಅಂತಾರೆ ಅದಕ್ಕೆ. ಮಾಮೂಲು ಪ್ಲೇಯರಿನಲ್ಲಿ 235ರ ಮೇಲಿನದ್ದು ಬರೇ ಬಿಳಿಯಾಗಿ ಕಾಣ್ತದೆ, ಆದ್ರೆ ಫೈಲಲ್ಲಿ ಅದು ಜೀವಂತ ಉಂಟು. ಫೈಲ್ `tv` ರೇಂಜ್ ಅಂತ ಹೇಳಿ `YMAX` 250 ದಾಟಿದ್ರೆ, ಮತ್ತೆ ವೇವ್‌ಫಾರ್ಮಲ್ಲಿ 235ರ ಮೇಲೆಯೂ ಆಕಾರ ಕಾಣ್ತಾ ಇದ್ರೆ ಆ ಭಾಗವನ್ನು ಎಡಿಟಿಂಗಲ್ಲಿ ಕಳೆದುಕೊಳ್ಳಬೇಡಿ. ಇಡೀ ಎಸ್‌ಡಿಆರ್‌ನಿಂದ ಎಚ್‌ಡಿಆರ್ ಕೆಲಸದಲ್ಲಿ ನಿಜವಾಗಿ ಹೊಸದಾಗಿ ಕಣ್ಣಿಗೆ ಸಿಗುವ ಡೀಟೇಲ್ ಅಂತ ಇದ್ರೆ ಅದು ಇದೊಂದೇ, ಮತ್ತೆ ಅದೂ ಹೆಚ್ಚೇನಿಲ್ಲ, ಕಾಲು ಭಾಗದಷ್ಟು ಹೆಚ್ಚು ಬೆಳಕು ಅಷ್ಟೆ. ಕ್ಯಾಮರಾದ ಮೂಲ ಫೈಲಿನಿಂದಲೇ ಕೆಲಸ ಮಾಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ, ವಾಟ್ಸಾಪಲ್ಲೋ ಯೂಟ್ಯೂಬಿನಿಂದ ಇಳಿಸಿಯೋ ಬಂದ ಕಾಪಿಯಲ್ಲಿ ಇದು ಉಳಿದಿರುವ ಭರವಸೆ ಇಲ್ಲ.

ಬಿಳಿ ಎಷ್ಟು ನಿಟ್ಸ್‌ನಲ್ಲಿ ಕೂತುಕೊಳ್ಳಬೇಕು

ನಿಟ್ಸ್ ಅಂದ್ರೆ ಸ್ಕ್ರೀನ್ ಎಷ್ಟು ಬೆಳಗ್ತದೆ ಅನ್ನುವುದರ ಅಳತೆ. ಎಸ್‌ಡಿಆರ್‌ನಲ್ಲಿ 235 ಅಂದ್ರೆ "ನಿನ್ನ ಟಿವಿಯ ಪೂರ್ತಿ ಬಿಳಿ" ಅಂತ ಅರ್ಥ, ಸ್ಟುಡಿಯೋ ಮಾನಿಟರಲ್ಲಿ ಅದು 100 ನಿಟ್ಸ್, ಮನೆಯ ಟಿವಿಯಲ್ಲಿ 250 ಆಗಬಹುದು 400 ಆಗಬಹುದು, ನೋಡುವವರು ರಿಮೋಟಲ್ಲಿ ಎಷ್ಟಿಟ್ಟಿದ್ದಾರೋ ಅಷ್ಟು. ಎಚ್‌ಡಿಆರ್‌ನ ಬೆಳಕಿನ ಲೆಕ್ಕ, ಪಿಕ್ಯು ಅಂತ ಅದರ ಹೆಸರು, ಹಾಗಲ್ಲ. 2014ರ ಎಸ್‌ಟಿ 2084 ಸ್ಟ್ಯಾಂಡರ್ಡ್‌ನಲ್ಲಿ ಬಂದದ್ದು ಅದು, ಅದರಲ್ಲಿ ಪ್ರತಿ ನಂಬರಿಗೂ ಇಷ್ಟೇ ನಿಟ್ಸ್ ಅಂತ ಗಟ್ಟಿ ಲೆಕ್ಕ ಉಂಟು, ಸೊನ್ನೆಯಿಂದ 10,000 ನಿಟ್ಸ್ ವರೆಗೆ. ಹಾಗಾದ್ರೆ ನಮ್ಮ ಎಸ್‌ಡಿಆರ್‌ನ ಬಿಳಿಯನ್ನು ಎಲ್ಲಿ ಕೂರಿಸುವುದು? ಐಟಿಯು ಅವರ ಬಿಟಿ.2408 ವರದಿಯಲ್ಲಿ ಇದಕ್ಕೆ 203 ನಿಟ್ಸ್ ಅಂತ ಕೊಟ್ಟಿದ್ದಾರೆ, ಅದನ್ನೇ ಹಿಡೀರಿ. ಬಿಳಿ ಕಾಗದ, ಬಿಳಿ ಪಂಚೆ, ನಮ್ಮ ಚುಟ್ಟಿ, ಇಂಥ ಬೆಳಕು ಬಿದ್ದು ಕಾಣುವ ಬಿಳಿ ವಸ್ತುಗಳ ಜಾಗ ಅದು. ಅದರ ಮೇಲಿನ ಜಾಗ ಬೆಂಕಿಗೆ, ದೀಪಕ್ಕೆ, ಕಿರೀಟದ ಮಿಣಿಗೆ ಮಿನುಗುವಾಗ ಒಂದು ಕ್ಷಣ ಹೊಳೆಯುವ ಆ ಚುಕ್ಕಿಗಳಿಗೆ.

ನೇರ ಮ್ಯಾಪಿಂಗ್, ಇದೇ ಸರಿಯಾದ ಕನ್ವರ್ಷನ್

ಇದು ಎಂತದನ್ನೂ ಎಳೆಯುವುದಿಲ್ಲ. ಎಸ್‌ಡಿಆರ್ ಚಿತ್ರ ಹೇಗಿತ್ತೋ ಹಾಗೆಯೇ ಎಚ್‌ಡಿಆರ್ ಡಬ್ಬಿಯೊಳಗೆ ಕೂರಿಸ್ತದೆ, ಬಿಳಿ 203ರಲ್ಲಿ. ಒಂದೇ ಗೆರೆಯಲ್ಲಿ ಟೈಪ್ ಮಾಡಿ:

```
ffmpeg -i ata.mp4 -vf "zscale=tin=bt709:min=bt709:pin=bt709:rin=tv:t=smpte2084:m=bt2020nc:p=bt2020:r=tv:npl=203,format=yuv420p10le" -c:v libx265 -preset slow -crf 16 -color_primaries bt2020 -color_trc smpte2084 -colorspace bt2020nc -x265-params "hdr10-opt=1:repeat-headers=1:master-display=G(13250,34500)B(7500,3000)R(34000,16000)WP(15635,16450)L(10000000,1)" -tag:v hvc1 -c:a copy ata_hdr.mp4
```

ಇದರಲ್ಲಿ `npl=203` ಅಂದದ್ದೇ ಮುಖ್ಯ, ಎಸ್‌ಡಿಆರ್‌ನ ಬಿಳಿ ಎಷ್ಟು ನಿಟ್ಸ್‌ಗೆ ಹೋಗಬೇಕು ಅಂತ ಹೇಳುವುದು ಅಲ್ಲಿ. `tin`, `min`, `pin` ಬರೆದದ್ದು ಫೈಲ್ `unknown` ಅಂದ್ರೂ 709 ಅಂತಲೇ ತಿಳ್ಕೊಳ್ಳಲಿ ಅಂತ. `master-display` ಅಂದ್ರೆ ಯಾವ ಮಾನಿಟರಲ್ಲಿ ನೋಡಿ ಮಾಡಿದ್ದು ಅಂತ ಟಿವಿಗೆ ಹೇಳುವ ಚೀಟಿ, ಇಲ್ಲಿ ಬರೆದದ್ದು ಪಿ3 ಬಣ್ಣದ 1000 ನಿಟ್ಸ್ ಮಾನಿಟರ್ ಅಂತ, ಹೆಚ್ಚಿನವರು ಹಾಕುವುದು ಇದನ್ನೇ. 10 ಬಿಟ್ ಬೇಕೇ ಬೇಕು, ಪಿಕ್ಯುವನ್ನು 8 ಬಿಟ್‌ನಲ್ಲಿ ಎನ್‌ಕೋಡ್ ಮಾಡಿದ್ರೆ ರಾತ್ರಿಯ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣ್ತದೆ.

ರಿಸಾಲ್ವ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮಾಡುವವರು ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ, ಇನ್‌ಪುಟ್ ರೆಕ್ 709 ಗಾಮಾ 2.4, ಔಟ್‌ಪುಟ್ ರೆಕ್ 2020 ಎಸ್‌ಟಿ 2084, ಟೋನ್ ಮ್ಯಾಪಿಂಗ್ ಆಫ್ ಇಡಿ. ಆಮೇಲೆ ಬರೇ ಬಿಳಿಯ ಒಂದು ಕ್ಲಿಪ್ ಹಾಕಿ ಸ್ಕೋಪಲ್ಲಿ ಅದು ಎಷ್ಟು ನಿಟ್ಸ್‌ನಲ್ಲಿ ಬಂದು ಕೂತಿದೆ ಅಂತ ಕಣ್ಣಾರೆ ನೋಡಿ, 100ರಲ್ಲಿ ಕೂತಿದ್ರೆ 203ಕ್ಕೆ ಎತ್ತಿಕೊಳ್ಳಿ. ಸೆಟ್ಟಿಂಗಿನ ಹೆಸರನ್ನು ನಂಬುವುದಕ್ಕಿಂತ ಸ್ಕೋಪನ್ನು ನಂಬುವುದು ಒಳ್ಳೆಯದು.

ಸರಿಯಾಗಿದೆಯಾ ಅಂತ ನೋಡ್ಲಿಕ್ಕೆ ಹೊಸ ಫೈಲಿನ ಅದೇ ಫ್ರೇಮಿಗೆ ಮತ್ತೊಮ್ಮೆ `signalstats` ಹಾಕಿ. ಈಗ ಲೆಕ್ಕ 10 ಬಿಟ್‌ನದ್ದು. ಕ್ಲಿಪ್ ಆದ ಬಿಳಿ 573ರ ಆಸುಪಾಸು ಬರಬೇಕು, ಕಂಪ್ರೆಷನ್‌ನಿಂದ ಆಚೆ ಈಚೆ ಸ್ವಲ್ಪ ಆಗ್ತದೆ, ಸೂಪರ್‌ವೈಟ್ ಇದ್ದ ಫೈಲಾದ್ರೆ 590ರ ಹತ್ತಿರ. 509 ಬಂದ್ರೆ ಬಿಳಿ 100 ನಿಟ್ಸ್‌ನಲ್ಲಿ ಉಳಿದಿದೆ, ಟಿವಿಯಲ್ಲಿ ಮಬ್ಬು ಕಾಣ್ತದೆ. 940 ಬಂದ್ರೆ ಎಡವಟ್ಟು ಆಗಿದೆ: ಲೆಕ್ಕ ಬದಲಾಯಿಸದೆ ಹೆಸರು ಮಾತ್ರ ಪಿಕ್ಯು ಅಂತ ಹಾಕಿದ್ದು, ಆಗ ಚುಟ್ಟಿಯ ಬಿಳಿಯನ್ನು ಟಿವಿ 10,000 ನಿಟ್ಸ್ ಅಂತ ಓದ್ತದೆ, ಮುಖವೆಲ್ಲ ಕರಗಿ ಹೋದ ಹಾಗೆ ಕಾಣ್ತದೆ.

ಬಣ್ಣದ್ದೂ ಇದೇ ಕತೆ. ರೆಕ್ 709ರ ಕಡುಕೆಂಪನ್ನು ಎಚ್‌ಡಿಆರ್‌ನ ರೆಕ್ 2020 ಬಣ್ಣದ ಅಳತೆಯಲ್ಲಿ ಬರೆದ್ರೆ ಅದು ಕೆಂಪು 0.627, ಹಸಿರು 0.069, ನೀಲಿ 0.016 ಅಂತ ಆಗ್ತದೆ, ಅಂದ್ರೆ ದೊಡ್ಡ ಡಬ್ಬಿಯ ಒಳಗೆ ನಮ್ಮ ಕೆಂಪು ಇದ್ದಲ್ಲಿಯೇ ಕೂತಿರ್ತದೆ, ವೇಷದ ಕೆಂಪು ಒಂದು ಚೂರೂ ಹೆಚ್ಚು ಕೆಂಪಾಗುವುದಿಲ್ಲ. ಕನ್ವರ್ಟ್ ಆದ ಮೇಲೆ ಕೆಂಪು ಉರೀತಾ ಇದ್ರೆ, ಜನರ ಮುಖ ಕಿತ್ತಳೆ ಆಗಿದ್ರೆ ಟ್ಯಾಗ್ ಮಾತ್ರ 2020 ಆಗಿದೆ, ಬಣ್ಣದ ಲೆಕ್ಕ ಆಗಿಲ್ಲ ಅಂತ ಅರ್ಥ. ಕೆಲವರು ಇದನ್ನೇ "ನೋಡಿ ಎಚ್‌ಡಿಆರ್ ಕಲರ್" ಅಂತ ತೋರಿಸ್ತಾರೆ. ಅದು ತಪ್ಪು ಬಣ್ಣ, ವೇಷಧಾರಿ ಗಂಟೆಗಟ್ಟಲೆ ಕೂತು ಬರೆದ ಮುಖವರ್ಣಿಕೆ ಅದಲ್ಲ.

ಈಗ ಎಳೆದು ನೋಡುವ

ನೇರ ಮ್ಯಾಪಿಂಗ್ ಮಾಡಿ ಕೊಟ್ರೆ ಮನೆಯವರು ಹೇಳುವುದು, "ಮೊದಲಿನ ಹಾಗೆಯೇ ಉಂಟಲ್ಲ". ಹೌದು, ಹಾಗೆಯೇ ಇರಬೇಕು. ಆಗ ಮನಸ್ಸಾಗುವುದು ಹೈಲೈಟನ್ನು 1000 ನಿಟ್ಸ್‌ಗೆ ಎಳೆಯುವ ಅಂತ. ಬಿಟಿ.2446 ವರದಿಯಲ್ಲಿಯೂ ಇದಕ್ಕೆ ಸೂತ್ರ ಉಂಟು, ರಿಸಾಲ್ವ್‌ನಲ್ಲಿ ಕರ್ವ್ ಎಳೆದು ಕೈಯಲ್ಲಿಯೂ ಮಾಡಬಹುದು, ಎಂಪಿವಿ ಪ್ಲೇಯರಿನಲ್ಲಿ `--inverse-tone-mapping` ಅಂತ ಆಪ್ಷನ್ನೇ ಉಂಟು, ಅದರ ಮ್ಯಾನುವಲ್ಲಿನಲ್ಲಿಯೇ ಜಾಗ್ರತೆಯಿಂದ ಬಳಸಿ ಅಂತ ಬರೆದಿದ್ದಾರೆ. ಯಾವುದೇ ಇರಲಿ, ಮಾಡುವ ಕೆಲಸ ಹೆಚ್ಚು ಕಮ್ಮಿ ಒಂದೇ: ಮುಖ, ಬಟ್ಟೆ, ನೆಲ ಇರುವ ನಡುಭಾಗವನ್ನು ಇದ್ದಲ್ಲಿಯೇ ಬಿಟ್ಟು ಮೇಲಿನ ಭಾಗವನ್ನು ಹಿಗ್ಗಿಸುವುದು.

ನಮ್ಮ ಫ್ರೇಮಿಗೆ ಲೆಕ್ಕ ಹಾಕುವ. ಸಿಗ್ನಲ್‌ನ 80 ಶೇಕಡಾದ ಮೇಲಿನದ್ದನ್ನು ಮಾತ್ರ ಎಳೆಯುವುದು ಅಂತ ಇಟ್ಟುಕೊಳ್ಳಿ. 8 ಬಿಟ್‌ನಲ್ಲಿ ಅದು 191ರಿಂದ 235, ಒಟ್ಟು 44 ಮೆಟ್ಟಿಲು. ನೇರ ಮ್ಯಾಪಿಂಗಲ್ಲಿ ಈ ಭಾಗ ಸುಮಾರು 119 ನಿಟ್ಸ್‌ನಿಂದ 203 ನಿಟ್ಸ್‌ಗೆ ಹೋಗ್ತದೆ, 10 ಬಿಟ್ ಪಿಕ್ಯುವಿನಲ್ಲಿ ಅಷ್ಟು ಜಾಗಕ್ಕೆ 48 ಮೆಟ್ಟಿಲು. 44ಕ್ಕೆ 48, ಹೆಚ್ಚು ಕಮ್ಮಿ ಒಂದಕ್ಕೊಂದು, ಚಂದ ಕೂತುಕೊಳ್ತದೆ. ಅದೇ ಭಾಗವನ್ನು 119ರಿಂದ 1000ಕ್ಕೆ ಎಳೆದ್ರೆ ಪಿಕ್ಯುವಿನಲ್ಲಿ ಸುಮಾರು 198 ಮೆಟ್ಟಿಲು ಆಗ್ತದೆ. ತುಂಬಿಸ್ಲಿಕ್ಕೆ ನಮ್ಮ ಹತ್ರ ಇರುವುದು ಅದೇ 44. ಅಂದ್ರೆ ಪ್ರತಿ ಹೆಜ್ಜೆಗೂ ನಾಲ್ಕೈದು ಮೆಟ್ಟಿಲು ಹಾರಬೇಕು, ನಡುವಿನದ್ದೆಲ್ಲ ಖಾಲಿ. ಪಾರ್ ಲೈಟಿನ ಸುತ್ತ ಹೊಗೆಯಲ್ಲಿ ಮೆಲ್ಲಗೆ ಕರಗಬೇಕಾದ ಬೆಳಕು ಬಳೆ ಬಳೆಯಾಗಿ ಕಾಣುವುದು ಈ ಖಾಲಿ ಜಾಗದಿಂದ. ಎಚ್.264 ಕಂಪ್ರೆಷನ್ ಬಿಳಿಯಲ್ಲಿ ಬಿಟ್ಟ ಚೌಕಗಳೂ, ಎಸ್‌ಡಿಆರ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದದ್ದು, ಈಗ ಬೆಂಕಿಯ ಅಂಚಲ್ಲಿ ಎದ್ದು ಬರ್ತವೆ. ಡೀಬ್ಯಾಂಡ್ ಫಿಲ್ಟರ್ ಹಾಕಿದ್ರೆ ಬಳೆ ಮರೆಯಾಗ್ತದೆ, ಅದು ಒಳ್ಳೆಯದೇ, ಆದ್ರೆ ಅದು ಖಾಲಿ ಜಾಗಕ್ಕೆ ಮಸುಕು ಹಚ್ಚುವುದು, ಕಳೆದ ಬೆಳಕನ್ನು ತರುವುದಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಉಂಟು, ಅದು ಬಿಟ್ಸ್‌ನದ್ದಲ್ಲ. ದೊಂದಿಯ ಜ್ವಾಲೆ 235. ಪಾರ್ ಲೈಟ್ 235. ಚುಟ್ಟಿಯಲ್ಲಿ ಬೆಳಕು ನೇರ ಬಿದ್ದ ತುದಿಗಳೂ 235. ಆ ರಾತ್ರಿ ಅಲ್ಲಿ ನಿಂತವರ ಕಣ್ಣಿಗೆ ಬೆಂಕಿ ಚುಟ್ಟಿಗಿಂತ ಎಷ್ಟೋ ಪಟ್ಟು ಪ್ರಖರ, ಪಾರ್ ಲೈಟ್ ಬೆಂಕಿಗಿಂತಲೂ ಹೆಚ್ಚು, ಆದ್ರೆ ಫೈಲಲ್ಲಿ ಮೂರೂ ಒಂದೇ ನಂಬರು. ಕರ್ವಿಗೆ ನಂಬರು ಮಾತ್ರ ಗೊತ್ತು, ಯಾವುದು ಅಕ್ಕಿಹಿಟ್ಟು ಯಾವುದು ಬೆಂಕಿ ಅಂತ ಗೊತ್ತಿಲ್ಲ. ಬೆಂಕಿಯನ್ನು 1000ಕ್ಕೆ ಎತ್ತಿದ್ರೆ ಚುಟ್ಟಿಯೂ 1000ಕ್ಕೆ ಎದ್ದು ಬರ್ತದೆ.

ಚುಟ್ಟಿಯನ್ನೇ ಹತ್ರದಿಂದ ನೋಡಿ. ಒಂದು ಮುಳ್ಳಿನ ನೆರಳು ಬದಿ 220, ಬೆಳಕು ಬದಿ 228 ಅಂತ ಇಟ್ಟುಕೊಳ್ಳುವ. ನೇರ ಮ್ಯಾಪಿಂಗಲ್ಲಿ ಅದು 171 ಮತ್ತೆ 188 ನಿಟ್ಸ್, ಮೆತ್ತಗಿನ ವ್ಯತ್ಯಾಸ, ಹಿಟ್ಟಿನ ಮೈ ಗೊತ್ತಾಗ್ತದೆ. ಎಳೆದಾಗ ಅದೇ ಎರಡು ಸುಮಾರು 490 ಮತ್ತೆ 720 ಆಗ್ತದೆ. ಹಿಟ್ಟು ಈಗ ಹಿಟ್ಟಾಗಿ ಉಳಿದಿಲ್ಲ, ಒಳಗಿನಿಂದ ಟ್ಯೂಬ್‌ಲೈಟ್ ಹೊತ್ತಿಸಿದ ಹಾಗೆ ಆಗಿದೆ, ಅದರ ನಡುವೆ ಬರೆದ ಕೆಂಪು ಕಪ್ಪು ಗೆರೆಗಳು ಆ ಬೆಳಕಲ್ಲಿ ಕಣ್ಣಿಗೆ ಹಿಡಿಯುವುದೇ ಇಲ್ಲ. ಪಕ್ಕದಲ್ಲಿ ಭಾಗವತರ ಬಿಳಿ ಪಂಚೆಯೂ ಹಾಗೆಯೇ. ಇನ್ವರ್ಸ್ ಟೋನ್ ಮ್ಯಾಪಿಂಗಲ್ಲಿ ಕೆಟ್ಟದ್ದನ್ನು ಗುರುತು ಹಿಡಿಯುವ ಸುಲಭ ಉಪಾಯ ಇದು: ದೀಪ ನೋಡಬೇಡಿ, ಬಿಳಿ ಬಟ್ಟೆ ನೋಡಿ. ಬಟ್ಟೆ ಹೊಳೀತಾ ಇದ್ರೆ ಎಳೆದದ್ದು ಹೆಚ್ಚಾಗಿದೆ.

ಬೆಂಕಿಯಾದ್ರೂ ಚಂದ ಆಯ್ತಾ ಅಂದ್ರೆ ಅದೂ ಇಲ್ಲ. ದೊಂದಿಯ ಬೆಂಕಿಯಲ್ಲಿ ಮೊದಲು ಕ್ಲಿಪ್ ಆಗುವುದು ಕೆಂಪು ಚಾನೆಲ್, ಮತ್ತೆ ಹಸಿರು, ಕಡೆಗೆ ನೀಲಿ. ಹಾಗಾಗಿ ಕಿತ್ತಳೆ ಜ್ವಾಲೆ ಒಳಗೆ ಹೋಗ್ತಾ ಲಿಂಬೆ ಹಳದಿಯಾಗಿ ನಡುವಲ್ಲಿ ಬರೇ ಬಿಳಿ ಆಗಿರ್ತದೆ. ನಿಜವಾದ ಎಚ್‌ಡಿಆರ್ ಶೂಟಲ್ಲಿ ಆ ನಡುಭಾಗದಲ್ಲಿಯೂ ಕಿತ್ತಳೆ ಉಂಟು, ನಾಲಗೆ ನಾಲಗೆಯಾಗಿ ಜ್ವಾಲೆಯ ಆಕಾರ ಉಂಟು. ನಾವು ಎಳೆದಾಗ ಸಿಗುವುದು 1000 ನಿಟ್ಸ್‌ನ ಚಪ್ಪಟೆ ಬಿಳಿ ತೇಪೆ, ಅದರ ಸುತ್ತ ಹಳದಿ ಅಂಚು. ಪ್ರಖರ ಆಯ್ತು, ಬೆಂಕಿ ಆಗಲಿಲ್ಲ.

ಫ್ರೇಮ್ ಫ್ರೇಮಿಗೂ ತಾನೇ ಅಳತೆ ಮಾಡಿ ಎಳೆಯುವ ಆಟೋಮ್ಯಾಟಿಕ್ ಟೂಲ್‌ಗಳಲ್ಲಿ ಇನ್ನೊಂದು ಕಾಣ್ತದೆ, ರಾಳ ಎಸೆದು ಬೆಂಕಿ ಎದ್ದ ಕೂಡಲೇ ಇಡೀ ರಂಗಸ್ಥಳದ ಬೆಳಕು ಕುಗ್ಗಿ ಬೆಂಕಿ ಇಳಿದ ಮೇಲೆ ಮತ್ತೆ ಏರುವುದು. ಆ ಹತ್ತು ಸೆಕೆಂಡ್ ಕ್ಲಿಪ್ಪನ್ನು ಲೂಪ್ ಹಾಕಿ ರಂಗಸ್ಥಳದ ನೆಲವನ್ನು ಮಾತ್ರ ದಿಟ್ಟಿಸಿ ನೋಡಿ, ಗೊತ್ತಾಗ್ತದೆ. ಮಷೀನ್ ಲರ್ನಿಂಗ್‌ನಿಂದ ಮಾಡುವ ಟೂಲ್‌ಗಳು ಬಟ್ಟೆಗೂ ದೀಪಕ್ಕೂ ವ್ಯತ್ಯಾಸ ಕರ್ವಿಗಿಂತ ಚೆನ್ನಾಗಿ ಊಹಿಸ್ತವೆ ನಿಜ, ಆದ್ರೆ ಕ್ಲಿಪ್ ಆದ ಜಾಗದಲ್ಲಿ ಅವು ತೋರಿಸುವ ಜ್ವಾಲೆ ಎಲ್ಲೋ ಬೇರೆ ಬೆಂಕಿಗಳನ್ನು ನೋಡಿ ಕಟ್ಟಿದ್ದು, ಆ ರಾತ್ರಿ ಆ ಮನೆಯ ಗದ್ದೆಯಲ್ಲಿ ಎದ್ದ ಬೆಂಕಿ ಅಲ್ಲ.

ಹಾಗಾದ್ರೆ ಡೆಮೋದಲ್ಲಿ ಅಷ್ಟು ಚಂದ ಕಾಣುವುದು ಯಾಕೆ

ಪ್ರಖರ ಆದದ್ದರಿಂದ. ಎರಡು ಚಿತ್ರ ಪಕ್ಕ ಪಕ್ಕ ಇಟ್ರೆ ಕಣ್ಣು ಯಾವಾಗಲೂ ಹೆಚ್ಚು ಬೆಳಕಿನದ್ದನ್ನೇ ಆರಿಸ್ತದೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು: ಮೂಲ ಎಸ್‌ಡಿಆರ್ ಫೈಲನ್ನು ಅದೇ ಟಿವಿಯಲ್ಲಿ ಹಾಕಿ ಬ್ಯಾಕ್‌ಲೈಟ್ ಏರಿಸಿ, ಎಳೆದ ಎಚ್‌ಡಿಆರ್‌ನಲ್ಲಿ ಮುಖ ಎಷ್ಟು ಬೆಳಗಿದೆಯೋ ಅಷ್ಟೇ ಬೆಳಗುವ ಹಾಗೆ ಮಾಡಿ, ಆಮೇಲೆ ಎರಡನ್ನೂ ಹೋಲಿಸಿ. ವ್ಯತ್ಯಾಸದ ದೊಡ್ಡ ಪಾಲು ಅಲ್ಲಿಯೇ ಮಾಯ ಆಗ್ತದೆ. ಉಳಿದದ್ದು ದೀಪಗಳ ಹೊಳಪು, ಅದರ ಜೊತೆಗೆ ಬಂದ ಬಳೆ, ಹೊಳೆಯುವ ಪಂಚೆ.

ಇದಕ್ಕೆ ಉಲ್ಟಾ ಆಗುವುದೂ ಉಂಟು, ಮತ್ತೆ ನಮ್ಮಲ್ಲಿ ಹೆಚ್ಚು ಕೇಳಿ ಬರುವ ದೂರು ಅದೇ: "ಎಚ್‌ಡಿಆರ್ ಫೈಲ್ ಮೊದಲಿನದ್ದಕ್ಕಿಂತ ಕಪ್ಪು ಕಾಣ್ತದಲ್ಲ?" ಬಾಕ್ಸಿನ ಮೇಲೆ ಎಚ್‌ಡಿಆರ್ ಅಂತ ಬರೆದಿದ್ರೂ ಪೀಕ್ 300 ನಿಟ್ಸ್ ಕೂಡ ಸರಿಯಾಗಿ ದಾಟದ ಟಿವಿಗಳು ಬೇಕಾದಷ್ಟು ಉಂಟು. ಎಸ್‌ಡಿಆರ್ ಹಾಕಿದಾಗ ಆ ಟಿವಿ ತನ್ನ ಪೂರ್ತಿ 300ನ್ನು ಬಿಳಿಗೆ ಕೊಡ್ತದೆ. ನಮ್ಮ ಎಚ್‌ಡಿಆರ್ ಫೈಲ್ ಬಿಳಿ ಅಂದ್ರೆ 203 ಅಂತ ಗಟ್ಟಿಯಾಗಿ ಹೇಳ್ತದೆ, ಟಿವಿ ಅದನ್ನು ಪಾಲಿಸ್ತದೆ, ಕೆಲವೊಮ್ಮೆ 1000 ನಿಟ್ಸ್‌ನ ಚೀಟಿ ನೋಡಿ ಮೇಲೆ ಜಾಗ ಬಿಡಬೇಕು ಅಂತ ಇನ್ನೂ ಕೆಳಗೆ ತಳ್ಳುತ್ತದೆ. ಅಂಥ ಮನೆಗೆ ಎಸ್‌ಡಿಆರ್ ಫೈಲೇ ಕೊಡಿ, ಅದೇ ಚಂದ ಕಾಣುವುದು, ಇದರಲ್ಲಿ ನಾಚಿಕೆ ಎಂತದೂ ಇಲ್ಲ.

ಯೂಟ್ಯೂಬಿಗೆ ಹಾಕುವವರಿಗೆ ಒಂದು ಮಾತು. ಎಚ್‌ಡಿಆರ್ ಅಪ್‌ಲೋಡ್ ಮಾಡಿದ್ರೆ ಎಸ್‌ಡಿಆರ್ ಸ್ಕ್ರೀನ್ ಇರುವವರಿಗೋಸ್ಕರ ಯೂಟ್ಯೂಬ್ ತಾನೇ ಇಳಿಸಿದ ಒಂದು ಎಸ್‌ಡಿಆರ್ ಕಾಪಿ ಮಾಡ್ತದೆ. ಅಂದ್ರೆ ನಿಮ್ಮ ಎಸ್‌ಡಿಆರ್ ಮೇಲೆ ಹೋಗಿ ಮತ್ತೆ ಕೆಳಗೆ ಬಂತು, ಮತ್ತೆ ಆ ಕೆಳಗೆ ಬಂದದ್ದು ನೀವು ಗ್ರೇಡ್ ಮಾಡಿದ್ದಲ್ಲ. ಎಸ್‌ಡಿಆರ್ ಫೋನಲ್ಲಿ ನೋಡುವವರಿಗೆಲ್ಲ ಸಿಗುವುದು ಇದು. ಬರೇ ಎಸ್‌ಡಿಆರ್‌ನಲ್ಲಿ ತೆಗೆದ ಆಟವನ್ನು ಎಸ್‌ಡಿಆರ್ ಆಗಿಯೇ ಹಾಕಿ ಅಂತ ನಾನು ಹೇಳುವುದು ಇದಕ್ಕೆ.

ಯಾವಾಗ ಮಾಡಬೇಕು, ಎಷ್ಟು ಮಾಡಬೇಕು

ಕನ್ವರ್ಟ್ ಮಾಡ್ಲಿಕ್ಕೆ ಒಳ್ಳೆ ಕಾರಣ ಒಂದುಂಟು. ಆಟದ ದಿನ ಮನೆಯ ಹುಡುಗರು ಫೋನಲ್ಲಿ ಎಚ್‌ಡಿಆರ್ ತೆಗೆದಿರ್ತಾರೆ, ಅದು ನಿಜವಾದ 10 ಬಿಟ್ ಎಚ್‌ಡಿಆರ್, ಚೌಕಿಯದ್ದು, ಪೂಜೆಯದ್ದು, ಗರ್ನಾಲು ಬಿಟ್ಟದ್ದು. ಅದನ್ನೂ ಕ್ಯಾಮರಾದ ಎಸ್‌ಡಿಆರನ್ನೂ ಒಂದೇ ವಿಡಿಯೋದಲ್ಲಿ ಸೇರಿಸಬೇಕು ಅಂದ್ರೆ ಟೈಮ್‌ಲೈನ್ ಎಚ್‌ಡಿಆರ್ ಇಟ್ಟು ಕ್ಯಾಮರಾದ್ದನ್ನು 203ಕ್ಕೆ ನೇರ ಮ್ಯಾಪ್ ಮಾಡುವುದೇ ಸರಿ. ಆಗ ಎರಡು ಶಾಟಲ್ಲಿಯೂ ಬಿಳಿ ಪಂಚೆ ಒಂದೇ ಮಟ್ಟದಲ್ಲಿ ಇರ್ತದೆ, ಕಟ್ ಆದಾಗ ಕಣ್ಣು ಕುಕ್ಕುವುದಿಲ್ಲ. ಹಾಗೆ ಸೇರಿಸಿದಾಗ ಫೋನಿನ ಶಾಟಲ್ಲಿ ದೀಪಗಳು ವೇವ್‌ಫಾರ್ಮಲ್ಲಿ 203ರ ಮೇಲೆ ಎಷ್ಟು ಎತ್ತರಕ್ಕೆ ಹೋಗಿ ಅಲ್ಲಿಯೂ ಆಕಾರ ಇಟ್ಟುಕೊಂಡಿವೆ, ಕ್ಯಾಮರಾದ್ದು ಹೇಗೆ 203ರಲ್ಲಿ ಗೆರೆ ಕೊಯ್ದ ಹಾಗೆ ನಿಂತಿದೆ ಅಂತ ಒಮ್ಮೆ ನೋಡಿ, ನಿಜವಾದ ಎಚ್‌ಡಿಆರ್ ಅಂದ್ರೆ ಎಂತ ಅಂತ ಅಲ್ಲಿ ಕಾಣ್ತದೆ.

ಆ ಎರಡು ಶಾಟ್ ಒಟ್ಟಿಗೆ ಬರುವಾಗ ಕ್ಯಾಮರಾದ ದೊಂದಿ ತೀರಾ ಸಪ್ಪೆ ಕಂಡ್ರೆ ಅದನ್ನು ಮಾತ್ರ ಕೈಯಲ್ಲಿ ಎತ್ತಿ. ರಿಸಾಲ್ವ್‌ನಲ್ಲಿ ಜ್ವಾಲೆಯ ಸುತ್ತ ಒಂದು ವಿಂಡೋ ಹಾಕಿ, ಟ್ರ್ಯಾಕ್ ಮಾಡಿ, ಅಂಚು ತುಂಬ ಮೆತ್ತಗೆ ಮಾಡಿ, ಒಳಗೆ ಹೈಲೈಟ್ ಮಾತ್ರ ಆರಿಸಿ 350, 400 ನಿಟ್ಸ್ ವರೆಗೆ. ಅಂಚಲ್ಲಿ ಬಳೆ ಕಾಣ್ಲಿಕ್ಕೆ ಶುರುವಾದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ. ಚುಟ್ಟಿ ಆ ವಿಂಡೋದೊಳಗೆ ಬರುವ ಫ್ರೇಮುಗಳಲ್ಲಿ ಎತ್ತಿದ್ದನ್ನು ಇಳಿಸಿ, ಕೀಫ್ರೇಮ್ ಹಾಕುವುದು ಬೇಜಾರಿನ ಕೆಲಸ ಹೌದು, ಆದ್ರೆ ಯಾವುದು ಬೆಂಕಿ ಅಂತ ಗೊತ್ತಿರುವುದು ನಿಮಗೆ ಮಾತ್ರ. ಪಾರ್ ಲೈಟನ್ನು ಎತ್ತಬೇಡಿ, ಅದು ಪ್ರಖರ ಆದಷ್ಟೂ ವೇಷದ ಮೇಲಿನ ಕಣ್ಣು ಅಲ್ಲಿಗೆ ಹೋಗ್ತದೆ.

ಮುಂದಿನ ತಿರುಗಾಟಕ್ಕೆ ಕ್ಯಾಮರಾದವರಿಗೆ ಹೇಳಿ ಇಡಬೇಕಾದದ್ದು: ಕ್ಯಾಮರಾದಲ್ಲಿ ಎಚ್‌ಎಲ್‌ಜಿ ಅನ್ನುವ 10 ಬಿಟ್ ಎಚ್‌ಡಿಆರ್ ಮೋಡ್ ಅಥವಾ ಲಾಗ್ ಇದ್ರೆ ಅದರಲ್ಲಿಯೇ ತೆಗೀರಿ. ಎಚ್‌ಎಲ್‌ಜಿಯಲ್ಲಿ ಬಿಳಿ ಪಂಚೆ 75 ಶೇಕಡಾದಲ್ಲಿ ಕೂರಬೇಕು, ಜೀಬ್ರಾವನ್ನು ಅಲ್ಲಿಗೆ ಇಟ್ಟು ಭಾಗವತರ ಪಂಚೆಯ ಮೇಲೆ ಗೆರೆ ಈಗಷ್ಟೇ ಮೂಡುವ ಹಾಗೆ ಐರಿಸ್ ಹೊಂದಿಸಿ, ಮೇಲಿನ ಜಾಗ ಪೂರ್ತಿ ದೊಂದಿಗೆ ಬಿಡಿ. 8 ಬಿಟ್ ರೆಕ್ 709 ಮಾತ್ರ ಇರುವ ಕ್ಯಾಮರಾ ಆದ್ರೆ ಆಟೋ ಐರಿಸ್ ತೆಗೆದು, ಚುಟ್ಟಿ 235 ಮುಟ್ಟದ ಹಾಗೆ ಸ್ವಲ್ಪ ಕಮ್ಮಿ ಎಕ್ಸ್‌ಪೋಸ್ ಮಾಡಿ, ನೆರಳಲ್ಲಿ ನಾಯ್ಸ್ ಸ್ವಲ್ಪ ಬಂದ್ರೂ ಪರವಾಗಿಲ್ಲ. ಮೂಲ ಫೈಲನ್ನು ಡಿಲೀಟ್ ಮಾಡದೆ ಇಡಿ, ಮನೆಯವರಿಗೆ ಕನ್ವರ್ಟ್ ಮಾಡಿ ಕೊಟ್ಟ ಫೈಲಿನ ಹೆಸರಲ್ಲಿ ಮೂಲ ಎಸ್‌ಡಿಆರ್ ಅಂತ ಬರೆದೇ ಕೊಡಿ, ನಾಳೆ ಅದನ್ನು ಇನ್ನೊಬ್ಬರು ನಿಜವಾದ ಎಚ್‌ಡಿಆರ್ ಅಂತ ತಿಳ್ಕೊಂಡು ಮತ್ತೊಂದು ಸುತ್ತು ಎಳೀಲಿಕ್ಕೆ ಹೋಗಬಾರದು.